ಮುಗಿದ ವಿಡಿಯೊದಿಂದ ಸಿನಿಮಾ ಹಾಡನ್ನು ತೆಗೆದು ಮಾತನ್ನು ಉಳಿಸಿಕೊಳ್ಳುವ ಬಗೆ

ಕಾಸರಗೋಡಿನ ಒಳನಾಡಿನಲ್ಲಿ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳಿವೆಯಲ್ಲ, ಅವುಗಳ ಬಗ್ಗೆ ಒಂದು ಗ್ರಂಥಾಲಯದ ಹುಡುಗರು 11 ನಿಮಿಷ 40 ಸೆಕೆಂಡಿನ ವಿಡಿಯೊ ಮಾಡಿದ್ದರು. ನಿವೃತ್ತ ಮಾಷ್ಟ್ರೊಬ್ಬರ ನಿರೂಪಣೆ, ಸುರಂಗ ಕೊರೆದು ಬದುಕಿದ ಅಜ್ಜನ ಮಾತು, ಪಿಕ್ಕಾಸಿನ ಸದ್ದು, ತೊಟ್ಟಿಕ್ಕುವ ನೀರು ಎಲ್ಲವೂ ಅದರಲ್ಲಿತ್ತು. ಜೊತೆಗೆ, ಆರಂಭದಿಂದ ಕೊನೆಯವರೆಗೆ ಒಂದು ಚಲನಚಿತ್ರದ ಸಂಗೀತವೂ ಇತ್ತು. ಯೂಟ್ಯೂಬಿಗೆ ಏರಿಸಿದ ಕೂಡಲೇ ಹಕ್ಕುಸ್ವಾಮ್ಯದ ಕ್ಲೇಮ್ ಬಂತು. ಸಂಕಲನ ಮಾಡಿದ ಹುಡುಗ ಕೆಲಸ ಸಿಕ್ಕಿ ಹೊರದೇಶಕ್ಕೆ ಹೋಗಿದ್ದ. ಪ್ರಾಜೆಕ್ಟ್ ಕಡತ ಇದ್ದ ಲ್ಯಾಪ್‌ಟಾಪನ್ನು ಅಷ್ಟರಲ್ಲಿ ಫಾರ್ಮ್ಯಾಟ್ ಮಾಡಿಯಾಗಿತ್ತು. ಉಳಿದದ್ದು ಮಾತು, ಸಂಗೀತ, ಸದ್ದು ಎಲ್ಲ ಒಂದಾಗಿ ಕಲಸಿಹೋದ ಒಂದೇ ಒಂದು ಎಂಪಿ4 ಕಡತ.

"ಸಂಗೀತ ತೆಗೆದು ಬೇರೆ ಹಾಕಿದರಾಯಿತಲ್ಲ" ಎಂದು ಅವರು ನನ್ನಲ್ಲಿ ಕೇಳಿದರು. ಹಾಕುವುದು ಸುಲಭ, ತೆಗೆಯುವುದೇ ಕಷ್ಟ. ಈ ವಿಡಿಯೊವನ್ನು ಸರಿಪಡಿಸಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕ್ಲೇಮ್ ಏನು ಹೇಳುತ್ತದೆ ಎಂದು ಮೊದಲು ಓದಿ

ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಸಾಮಾನ್ಯವಾಗಿ ಧ್ವನಿಯ ಹೋಲಿಕೆಯನ್ನು ಯಂತ್ರ ಗುರುತಿಸಿದ್ದರಿಂದ ಬರುತ್ತದೆ. ಹಕ್ಕುದಾರರು ಜಾಹೀರಾತಿನ ಹಣ ತೆಗೆದುಕೊಳ್ಳಬಹುದು, ಇಲ್ಲವೆ ವಿಡಿಯೊವನ್ನು ಕೆಲವು ದೇಶಗಳಲ್ಲೋ ಎಲ್ಲ ಕಡೆಯೋ ತಡೆಯಬಹುದು. ಸ್ಟ್ರೈಕ್ ಎಂದರೆ ಚಾನೆಲ್ಲಿನ ಮೇಲೆಯೇ ಬರುವ ದಂಡನೆ. 90 ದಿನಗಳೊಳಗೆ ಮೂರು ಸ್ಟ್ರೈಕ್ ಆದರೆ ಚಾನೆಲ್ ಹೋಗುವ ಸಾಧ್ಯತೆ ಇದೆ. ಕ್ಲೇಮ್ ಬಂದೊಡನೆ ಹೆದರಿ ವಿಡಿಯೊ ಅಳಿಸಬೇಕಾಗಿಲ್ಲ.

ಕ್ಲೇಮಿನ ವಿವರದಲ್ಲಿ ಹಾಡು ಯಾವ ಸೆಕೆಂಡಿನಿಂದ ಯಾವ ಸೆಕೆಂಡಿನವರೆಗೆ ಇದೆ ಎಂದು ತೋರಿಸಿರುತ್ತದೆ. ಇಲ್ಲಿ 2:10ರಿಂದ 4:35ರವರೆಗೆ ಎಂದಿತ್ತು. ಅಷ್ಟನ್ನೇ ಸರಿಪಡಿಸಿದರೆ ಸಾಕು ಎಂದು ಹುಡುಗರ ವಾದ. ಆದರೆ ಅದೇ ಸಂಗೀತ ಉಳಿದ ಭಾಗದಲ್ಲಿ ಮಾತಿನಡಿ ಸಣ್ಣಗೆ ಓಡುತ್ತಿತ್ತು. ಇಂದು ಗುರುತಿಸದಿದ್ದರೂ ನಾಳೆ ಗುರುತಿಸಬಹುದು. ಮೇಲಾಗಿ, ಯಂತ್ರ ಹಿಡಿಯಲಿಲ್ಲ ಎಂದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಹತ್ತು ಸೆಕೆಂಡಿಗಿಂತ ಕಡಿಮೆ ಬಳಸಿದರೆ ತೊಂದರೆಯಿಲ್ಲ ಎಂಬ ಮಾತು ನಮ್ಮ ಕಡೆ ಬಹಳ ಓಡಾಡುತ್ತದೆ. ಕಾನೂನಿನಲ್ಲಿ ಅಂಥ ಸೆಕೆಂಡಿನ ಲೆಕ್ಕವಿಲ್ಲ.

ಯೂಟ್ಯೂಬ್ ಸ್ಟುಡಿಯೊದಲ್ಲಿಯೇ ಹಾಡನ್ನು ಅಳಿಸುವ ಮತ್ತು ಬದಲಿಸುವ ಸಾಧನಗಳಿವೆ. ಮಾತಿಲ್ಲದ ದೃಶ್ಯದಡಿ ಹಾಡಿದ್ದರೆ ಬದಲಿಸುವ ಸಾಧನವೇ ಸಾಕು. ಹಾಡಿನ ಮೇಲೆ ಮಾತಿದ್ದರೆ ಮಾತ್ರ ಅದನ್ನು ನಂಬಬೇಡಿ. ಹೊಸ ಹಾಡು ಬಂದ ಕಡೆ ಅಜ್ಜನ ಮಾತೂ ಹೋಗಬಹುದು. ಅಳಿಸುವ ಸಾಧನ ಮಾತನ್ನು ಉಳಿಸಲು ಪ್ರಯತ್ನಿಸುತ್ತದೆ. ಆದರೆ ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ವೀಕ್ಷಣೆಯ ಎಣಿಕೆ ಮತ್ತು ಕೊಂಡಿ ಉಳಿಯಲೇಬೇಕಾದರೆ ಅದನ್ನು ಒಮ್ಮೆ ಪ್ರಯತ್ನಿಸಿ ನೋಡಬಹುದು. ಈ ವಿಡಿಯೊಗೆ ವೀಕ್ಷಣೆ ಇನ್ನೂ ಬಂದಿರಲಿಲ್ಲವಾದ್ದರಿಂದ ನಾವು ಹೊಸದಾಗಿ ಏರಿಸುವ ದಾರಿ ಹಿಡಿದೆವು.

ಕತ್ತರಿಸುವ ಮೊದಲು ಒಂದು ಪಟ್ಟಿ

ಹೆಡ್‌ಫೋನ್ ಹಾಕಿಕೊಂಡು ಇಡೀ ವಿಡಿಯೊವನ್ನು ಕಣ್ಣುಮುಚ್ಚಿ ಕೇಳಿ. ಪ್ರತಿ ಭಾಗದಲ್ಲೂ ಯಾರ ಮಾತಿದೆ, ಹಿಂದೆ ಏನಿದೆ ಎಂದು ಬರೆದುಕೊಳ್ಳಿ. ನಮ್ಮ ಪಟ್ಟಿಯಲ್ಲಿ ಮೂರು ಬಗೆ ಸಿಕ್ಕವು. ಮಾಷ್ಟ್ರ ನಿರೂಪಣೆ ಸುಮಾರು ನಾಲ್ಕು ನಿಮಿಷ. ಅದರಲ್ಲಿ ಅವರ ಮುಖ ಕಾಣುವುದಿಲ್ಲ. ಅಜ್ಜನ ಸಂದರ್ಶನ ಸುಮಾರು ಆರು ನಿಮಿಷ. ಅದರಡಿ ಬರೀ ವಾದ್ಯಗಳು. ಇನ್ನು 40 ಸೆಕೆಂಡಿನಷ್ಟು ಜಾಗದಲ್ಲಿ ಅಜ್ಜನ ಮಾತಿನ ಹಿಂದೆಯೇ ಗಾಯಕಿಯೊಬ್ಬರು ಹಾಡುತ್ತಿದ್ದರು. ಉಳಿದದ್ದು ಮಾತಿಲ್ಲದ ದೃಶ್ಯ.

ಮೂರಕ್ಕೂ ಮದ್ದು ಬೇರೆ ಬೇರೆ. ಎಲ್ಲಕ್ಕೂ ಒಂದೇ ತಂತ್ರಾಂಶವನ್ನು ಓಡಿಸಿ ಬಿಡುವವರೇ ಹೆಚ್ಚು. ಅದರಿಂದ ಒಳ್ಳೆಯದಾಗಬಹುದಾಗಿದ್ದ ಭಾಗವೂ ಸಾಧಾರಣವಾಗುತ್ತದೆ.

ನಿರೂಪಣೆಯನ್ನು ಮತ್ತೆ ಓದಿಸಿಬಿಡುವುದೇ ಸರಿ. ತುಟಿಯ ಚಲನೆಗೆ ಹೊಂದಿಸುವ ಗೋಜಿಲ್ಲ. ಮಾಷ್ಟ್ರ ಬಳಿ ಬರೆದ ಪ್ರತಿಯೂ ಇತ್ತು. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು, ಫ್ಯಾನ್ ಆರಿಸಿ, ಮೊಬೈಲನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಹಿಡಿದು ಓದಿಸಿದರೆ ಸಾಕು. ನೇರ ಬಾಯಿಯೆದುರು ಹಿಡಿದರೆ ಮಹಾಪ್ರಾಣಗಳು ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿಯುತ್ತದೆ. ಹಳೆಯ ನಿರೂಪಣೆ ಕಿವಿಯಲ್ಲಿ ಕೇಳುತ್ತಿದ್ದರೆ ಓದುವ ವೇಗವೂ ಹೊಂದುತ್ತದೆ.

ಸಂದರ್ಶನದ ವಿಷಯದಲ್ಲಿ, ಮಾತನ್ನು ಸಂಗೀತದಿಂದ ಬೇರ್ಪಡಿಸುವ ತಂತ್ರಾಂಶ ತೆರೆಯುವ ಮೊದಲು ಚಿತ್ರೀಕರಣದ ದಿನ ಹೋದ ಎಲ್ಲರ ಮೊಬೈಲನ್ನೂ ನೋಡಿಸಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ದಿನಾಂಕದ ವಿಡಿಯೊಗಳನ್ನು ಹುಡುಕಿಸಿ. ವಾಟ್ಸ್‌ಆ್ಯಪಿನಲ್ಲಿ ಬಂದ ತುಣುಕಿನ ಚಿತ್ರ ಹಾಳಾಗಿರುತ್ತದೆ, ಧ್ವನಿಯೂ ತುಸು ಸೊರಗಿರುತ್ತದೆ. ಆದರೂ ಅದರಲ್ಲಿ ಸಂಗೀತವಿಲ್ಲ. ಸಂಗೀತವೇ ಸೇರದ ಸೊರಗಿದ ಧ್ವನಿ, ಸಂಗೀತದಿಂದ ಕಿತ್ತು ತೆಗೆದ ಧ್ವನಿಗಿಂತ ಸಾಮಾನ್ಯವಾಗಿ ಮೇಲು. ಹೀಗೆ ಹುಡುಕಿದಾಗ ಆರು ನಿಮಿಷದಲ್ಲಿ ಅರ್ಧದಷ್ಟಕ್ಕೆ ಮೂಲ ಸಿಕ್ಕಿತು.

ಸಿಕ್ಕ ತುಣುಕನ್ನು ಹೊಂದಿಸುವುದು ಹೀಗೆ. ಸಂಕಲನದ ತಂತ್ರಾಂಶದಲ್ಲಿ ಮುಗಿದ ವಿಡಿಯೊದ ಧ್ವನಿಯನ್ನು ಮೇಲಿನ ಸಾಲಿನಲ್ಲಿ, ಮೂಲ ತುಣುಕಿನ ಧ್ವನಿಯನ್ನು ಕೆಳಗಿನ ಸಾಲಿನಲ್ಲಿ ಇಡಿ. ಪಿಕ್ಕಾಸು ಕಲ್ಲಿಗೆ ಬಿದ್ದ ಏಟು, ಬಾಗಿಲ ಸದ್ದು, ಗಟ್ಟಿಯಾದ ಒಂದು 'ಕ' ಅಥವಾ 'ಟ', ಹೀಗೆ ಅಲೆಯ ಚಿತ್ರದಲ್ಲಿ ಚೂಪಾಗಿ ಎದ್ದು ಕಾಣುವ ಜಾಗವನ್ನು ಎರಡರಲ್ಲೂ ಗುರುತಿಸಿ ಒಂದರ ಕೆಳಗೆ ಒಂದು ತನ್ನಿ. ಎರಡನ್ನೂ ಒಟ್ಟಿಗೆ ನುಡಿಸಿ. ಸರಿಯಾಗಿ ಕೂತಿದ್ದರೆ ಒಂದೇ ದಪ್ಪ ದನಿ ಕೇಳುತ್ತದೆ, ತಪ್ಪಿದ್ದರೆ ಪ್ರತಿಧ್ವನಿ ಕೇಳುತ್ತದೆ. ಆಮೇಲೆ ಹಳೆಯದನ್ನು ಮೌನವಾಗಿಸಿ. ಸಂಕಲನದಲ್ಲಿ ಮಾತನ್ನು ನಡುನಡುವೆ ಕತ್ತರಿಸಿರುತ್ತಾರೆ, ಆದ್ದರಿಂದ ಪ್ರತಿ ಕತ್ತರಿಯ ನಂತರ ಮತ್ತೆ ಹೊಂದಿಸಬೇಕು. ಬೇಸರದ ಕೆಲಸ, ಆದರೆ ಇದಕ್ಕೆ ಒಳದಾರಿಯಿಲ್ಲ.

ಮೂಲ ಸಿಗದ ಭಾಗದಲ್ಲಿ ಧ್ವನಿ ಬೇರ್ಪಡಿಸುವುದು

ನಿಮ್ಮಲ್ಲಿರುವ ಪ್ರತಿಗಳಲ್ಲಿ ಅತ್ಯುತ್ತಮವಾದುದನ್ನು ತೆಗೆದುಕೊಳ್ಳಿ. ಸಂಕಲನದಿಂದ ಮೊದಲು ಹೊರಬಂದ ಕಡತವೇ ಬೇಕು. ಚಾನೆಲ್ಲಿನಿಂದ ಮರಳಿ ಇಳಿಸಿಕೊಂಡದ್ದೋ ಯಾರೋ ರವಾನಿಸಿದ್ದೋ ಆದರೆ ಅದು ಇನ್ನೊಮ್ಮೆ ಹಿಂಡಿದ ಧ್ವನಿ. ಅದರಿಂದ ಬೇರ್ಪಡಿಸಿದರೆ ಮಾತಿನ ಮೇಲೆ ಹಳೆಯ ಸಂಗೀತದ ಕಲೆ ಹೆಚ್ಚು ಉಳಿಯುತ್ತದೆ. ಧ್ವನಿಯನ್ನು ಹೊರತೆಗೆಯಲು ಎಫ್ಎಫ್‌ಎಂಪೆಗ್ ಎಂಬ ಉಚಿತ ಸಾಧನ ಸಾಕು:

```
ffmpeg -i suranga.mp4 -vn -c:a pcm_s16le suranga.wav
```

ಬೇರ್ಪಡಿಸಲು ಡೆಮುಕ್ಸ್ ಎಂಬ ಉಚಿತ ತಂತ್ರಾಂಶವನ್ನು ಬಳಸಿದೆವು:

```
demucs --two-stems=vocals suranga.wav
```

ಇದು `vocals.wav` ಮತ್ತು `no_vocals.wav` ಎಂಬ ಎರಡು ಕಡತಗಳನ್ನು ಕೊಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಧ್ವನಿಯ ಅವಧಿಗಿಂತ ತುಸು ಹೆಚ್ಚು ಹೊತ್ತು ಹಿಡಿಯಬಹುದು. ಆಜ್ಞೆ ಬರೆಯುವುದು ಇಷ್ಟವಿಲ್ಲದವರು ಗುಂಡಿ ಒತ್ತಿ ಕೆಲಸ ಮಾಡಿಸುವ ಅಲ್ಟಿಮೇಟ್ ವೋಕಲ್ ರಿಮೂವರ್ ಬಳಸಬಹುದು. ಅದೂ ಉಚಿತ.

ಈಗ ಮಾತಿರುವ `vocals.wav` ಕಡತವನ್ನು ಒಂಟಿಯಾಗಿ ಕೇಳಿ. ಮೂರು ಸಂಗತಿ ಗಮನಕ್ಕೆ ಬರುತ್ತವೆ.

ಒಂದು, ಮಾತಿನ ಬಿಡುವುಗಳಲ್ಲಿ ಹಳೆಯ ಸಂಗೀತದ ಚೂರುಗಳು ಮಿಣುಕುತ್ತವೆ. ಸಂಗೀತ ಜೋರಾಗಿದ್ದ ಕಡೆ ಮಾತೇ ನೀರೊಳಗಿಂದ ಆಡಿದಂತೆ ಕೇಳಿಸಬಹುದು. ಬಿಡುವುಗಳ ಸದ್ದನ್ನು ಪೂರ್ತಿ ಸೊನ್ನೆಗೆ ಇಳಿಸಬೇಡಿ. ಪ್ರತಿ ವಾಕ್ಯದ ನಂತರ ಗವ್ವೆನ್ನುವ ಮೌನ ಬಂದರೆ ಕಿವಿ ಕೂಡಲೇ ಹಿಡಿಯುತ್ತದೆ. ಬಿಡುವಿನ ಮಟ್ಟವನ್ನು 10ರಿಂದ 12 ಡೆಸಿಬೆಲ್‌ನಷ್ಟು ಇಳಿಸಿ, ಅಂಚುಗಳನ್ನು ನಯವಾಗಿ ಕರಗಿಸಿ. ಚೂರಿನಲ್ಲಿ ರಾಗ ಗುರುತು ಸಿಗುವಷ್ಟು ಸ್ಪಷ್ಟವಾಗಿದ್ದರೆ ಮಾತ್ರ ಆ ಬಿಡುವನ್ನು ಪೂರ್ತಿ ತೆಗೆದು, ಆ ಜಾಗಕ್ಕೆ ಸ್ಥಳದ ಸದ್ದನ್ನು ತುಂಬಬೇಕು.

ಎರಡು, ಪಿಕ್ಕಾಸಿನ ಏಟು, ನೀರಿನ ಸದ್ದು, ಹಕ್ಕಿಯ ಕೂಗು ಬಹುಪಾಲು ಮಾಯವಾಗಿರುತ್ತವೆ. ತಂತ್ರಾಂಶಕ್ಕೆ ಮಾತಲ್ಲದ್ದೆಲ್ಲ ಒಂದೇ, ಅದು ಅವುಗಳನ್ನು ಸಂಗೀತದ ಜೊತೆ ಇನ್ನೊಂದು ಕಡತಕ್ಕೆ ತಳ್ಳಿದೆ. ಅಲ್ಲಿಂದ ತರಲು ಹೋದರೆ ಹಾಡೂ ಹಿಂದೆಯೇ ಬರುತ್ತದೆ. ಇದಕ್ಕೆ ನೆಟ್ಟಗಿನ ಉಪಾಯವೆಂದರೆ ಮತ್ತೆ ಆ ಸುರಂಗದ ಬಾಯಿಗೆ ಹೋಗಿ, ಯಾರೂ ಮಾತಾಡದೆ ಎರಡು ನಿಮಿಷ ಮೊಬೈಲಿನಲ್ಲಿ ಸದ್ದು ಹಿಡಿಯುವುದು. ಒಳಗಿನ ತೊಟ್ಟಿಕ್ಕುವ ನೀರನ್ನೂ ಮುರಕಲ್ಲಿನ ಮೇಲೆ ಪಿಕ್ಕಾಸಿನ ಕೆಲವು ಏಟುಗಳನ್ನೂ ಬೇರೆ ಬೇರೆ ಹಿಡಿದುಕೊಳ್ಳಿ. ಈ ಸದ್ದನ್ನು ಮಾತಿನಡಿ ಸಣ್ಣಗೆ ಹಾಸಿದಾಗ ಬೇರ್ಪಡಿಸಿದ ಧ್ವನಿಯ ಅರ್ಧ ಕಲೆ ಮುಚ್ಚಿಹೋಗುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಈ ಎರಡು ನಿಮಿಷ, ತಂತ್ರಾಂಶದ ಯಾವ ಗುಂಡಿಯೂ ಅಲ್ಲ. ಬಂಟಮಲೆಯಲ್ಲೋ ಬೇಕಲದಲ್ಲೋ ಚಿತ್ರಿಸಿದ್ದರೂ ಇದೇ ಮಾತು: ಊರಿನ ಸದ್ದಿಗೆ ಊರಿಗೇ ಹೋಗಬೇಕು.

ಮೂರು, ಆ 40 ಸೆಕೆಂಡಿನ ಭಾಗದಲ್ಲಿ ಅಜ್ಜನ ಜೊತೆ ಗಾಯಕಿಯೂ ಹಾಗೆಯೇ ಉಳಿದುಕೊಂಡಿರುತ್ತಾರೆ. ಎರಡೂ ಮನುಷ್ಯರ ಕಂಠ, ತಂತ್ರಾಂಶದ ತಪ್ಪಲ್ಲ. ಅದೇ ಹಾಡಿನ ಪ್ರತಿಯನ್ನು ತಂದು, ಅಲೆಯನ್ನು ತಲೆಕೆಳಗು ಮಾಡಿ, ಕೂಡಿಸಿದರೆ ಹಾಡು ಅಳಿದುಹೋಗುತ್ತದೆ ಎಂಬ ಸಲಹೆ ನಿಮಗೆ ಸಿಗಬಹುದು. ತತ್ವ ಸರಿ. ಆದರೆ ಮಟ್ಟ, ವೇಗ, ಸಂಪೀಡನ ಎಲ್ಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಬೇಕು. ಮಾತು ಬಂದಾಗ ಹಾಡನ್ನು ತಗ್ಗಿಸಿದ, ಎಂಪಿ4 ಆಗಿ ಹಿಂಡಿದ ವಿಡಿಯೊದಲ್ಲಿ ಅದು ಆಗುವ ಮಾತಲ್ಲ. ಮೂಲ ತುಣುಕು ಸಿಗದಿದ್ದರೆ ಆ ಮಾತನ್ನು ಬಿಟ್ಟುಕೊಡಬೇಕು. ನಾವು ಅಲ್ಲಿ ಅಜ್ಜನ ಮುಖದ ಬದಲು ಅಡಿಕೆ ಮರದ ದಂಬೆಯಲ್ಲಿ ನೀರು ಹರಿದು ತೋಟಕ್ಕೆ ಬೀಳುವ ದೃಶ್ಯ ಹಾಕಿ, ಅಜ್ಜ ಹೇಳಿದ್ದರ ಸಾರವನ್ನು ಮಾಷ್ಟ್ರಿಂದ ಓದಿಸಿದೆವು.

ಹೊಸ ಸಂಗೀತ ಆರಿಸುವಾಗ ಪರವಾನಗಿ

ದಾಸರ ಪದವೊಂದನ್ನು ಹಾಕೋಣ, ಅದಕ್ಕೆ ಯಾರ ಹಕ್ಕಿದೆ ಎಂದು ಹುಡುಗರಲ್ಲೊಬ್ಬ ಕೇಳಿದ. ಪದಕ್ಕೆ ಯಾರ ಹಕ್ಕೂ ಇಲ್ಲ, ಆದರೆ ಅದನ್ನು ಹಾಡಿ ಮುದ್ರಿಸಿದ ಧ್ವನಿಮುದ್ರಣಕ್ಕೆ ಇದೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಉಳಿಯುತ್ತದೆ. ಊರಿನ ಯಾರಾದರೂ ನಿಮಗಾಗಿ ಹಾಡಿ, ಬಳಸಲು ಬರಹದಲ್ಲಿ ಒಪ್ಪಿಗೆ ಕೊಟ್ಟರೆ ಆಗ ದಾರಿ ಸಲೀಸು.

ಸಿದ್ಧ ಸಂಗೀತ ಬೇಕಿದ್ದರೆ ಯೂಟ್ಯೂಬ್ ಸ್ಟುಡಿಯೊದ ಆಡಿಯೊ ಲೈಬ್ರರಿಯಿಂದ ಆರಂಭಿಸಿ. ಅಲ್ಲಿ ಕೆಲವಕ್ಕೆ ಹೆಸರು ಹಾಕಬೇಕಿಲ್ಲ, ಕೆಲವಕ್ಕೆ ಹಾಕಲೇಬೇಕು. ಹೊರಗೆ ಹುಡುಕಿದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಅಕ್ಷರಗಳನ್ನು ಗಮನವಿಟ್ಟು ಓದಬೇಕು. CC BY ಎಂದಿದ್ದರೆ ಹೆಸರು ಹಾಕಿ ಬಳಸಬಹುದು. NC ಸೇರಿದ್ದರೆ ವಾಣಿಜ್ಯ ಬಳಕೆಗೆ ಇಲ್ಲ. ಜಾಹೀರಾತು ತೆರೆದ ಚಾನೆಲ್ಲಿಗೆ ಅದನ್ನು ತರದಿರುವುದೇ ಕ್ಷೇಮ. SA ಸೇರಿದ್ದರೆ ನಿಮ್ಮ ವಿಡಿಯೊವನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕಾಗುತ್ತದೆ. ಹೆಚ್ಚಿನವರು ಎಡವುವುದು ND ಎಂಬಲ್ಲಿ. ಬದಲಿಸಬಾರದು ಎಂದಷ್ಟೇ ತಾನೆ, ನಾನು ಹಾಗೆಯೇ ಬಳಸುತ್ತೇನೆ ಎಂದುಕೊಳ್ಳುತ್ತಾರೆ. ಆದರೆ ಚಲಿಸುವ ಚಿತ್ರಕ್ಕೆ ಸಂಗೀತವನ್ನು ಹೊಂದಿಸುವುದೇ ಆ ಪರವಾನಗಿಗಳ ಪ್ರಕಾರ ರೂಪಾಂತರ. ಹಾಗಾಗಿ ND ಸಂಗೀತ ವಿಡಿಯೊಗೆ ಒದಗುವುದಿಲ್ಲ.

ಇಳಿಸಿಕೊಂಡ ದಿನವೇ ಪರವಾನಗಿ ಕಾಣುವಂತೆ ಆ ಪುಟದ ಚಿತ್ರ ತೆಗೆದು, ಸಂಗೀತದ ಕಡತದ ಜೊತೆಗೇ ಇಡಿ. ಪರವಾನಗಿ ಇದ್ದ ಸಂಗೀತಕ್ಕೂ ಕೆಲವೊಮ್ಮೆ ಕ್ಲೇಮ್ ಬರುತ್ತದೆ. ಆಗ ಆಕ್ಷೇಪ ಸಲ್ಲಿಸಲು ಈ ಪುರಾವೆ ಬೇಕು.

ಮಾತಿಗೆ ಜಾಗ ಬಿಡುವ ಸಂಗೀತ

ಹುಡುಗರಿಗೆ ಕೊಳಲು ಬೇಕಿತ್ತು. ಹಳ್ಳಿ, ನೀರು, ಅಜ್ಜ ಎಂದರೆ ಕೊಳಲು ಬರಲೇಬೇಕು ಎಂಬ ನಂಬಿಕೆ ಎಲ್ಲಿಂದ ಹುಟ್ಟಿತೋ ತಿಳಿಯದು. ಕೊಳಲು ಮತ್ತು ಪಿಟೀಲಿನ ರಾಗ ಮಾತು ಇರುವ ಶ್ರುತಿವಲಯದಲ್ಲಿಯೇ ಓಡುತ್ತದೆ, ಕೇಳುವವನ ಗಮನ ಎರಡರ ನಡುವೆ ಹಂಚಿಹೋಗುತ್ತದೆ. ಚೆಂಡೆಯಂಥ ಚೂಪಾದ ಏಟುಗಳು ವ್ಯಂಜನಗಳನ್ನೇ ನುಂಗುತ್ತವೆ. ಮಾತಿನಡಿಗೆ ತಂಬೂರಿಯಂತೆ ನಿಂತ ನಾದ, ಮೆಲ್ಲಗೆ ಮೀಟಿದ ತಂತಿವಾದ್ಯ, ಹೆಚ್ಚು ಏರಿಳಿತವಿಲ್ಲದ ಸಂಗೀತ ಒಳ್ಳೆಯದು. ನಮ್ಮ ಸಂದರ್ಭದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಎಡೆಬಿಡದೆ ಹರಿಯುವ ನಾದ ಬೇರ್ಪಡಿಸಿದ ಧ್ವನಿಯಲ್ಲಿ ಉಳಿದ ಚೂರುಗಳನ್ನು ಮರೆಮಾಡುತ್ತದೆ. ಬಿಟ್ಟು ಬಿಟ್ಟು ಬರುವ ಸಂಗೀತವಾದರೆ ಆ ಬಿಡುವಿನಲ್ಲಿ ಚೂರು ಹೊರಗೆ ಇಣುಕುತ್ತದೆ. ಕೊಳಲನ್ನು ಮಾತಿಲ್ಲದ ದೃಶ್ಯಗಳಿಗೆ ಬಿಟ್ಟುಕೊಟ್ಟು ರಾಜಿಯಾದೆವು.

ಕೂಡಿಸುವುದು

ಈ ಹಂತಕ್ಕೆ ಉಚಿತ ತಂತ್ರಾಂಶ ಆಡಾಸಿಟಿ ಸಾಕು. ಮೊದಲು ಮಾತುಗಳನ್ನು ಮಾತ್ರ ಸರಿಮಾಡಿ. ಮಾಷ್ಟ್ರ ಹೊಸ ದನಿ, ಅಜ್ಜನ ಮೂಲ ದನಿ, ಬೇರ್ಪಡಿಸಿದ ದನಿ ಮೂರೂ ಕಿವಿಗೆ ಒಂದೇ ಮಟ್ಟದಲ್ಲಿ ಕೇಳಬೇಕು. ಸಂಗೀತ ಹಾಕಿದ ಮೇಲೆ ಮಾತನ್ನು ಸರಿಪಡಿಸಲು ಕುಳಿತರೆ ಒಂದನ್ನು ಏರಿಸುವುದು, ಇನ್ನೊಂದನ್ನು ಇಳಿಸುವುದು ಮುಗಿಯುವುದೇ ಇಲ್ಲ.

ಬಳಿಕ ಸಂಗೀತದ ಸಾಲಿನಲ್ಲಿ 2000ದಿಂದ 4000 ಹರ್ಟ್ಜ್‌ನ ನಡುವೆ 3–4 ಡೆಸಿಬೆಲ್‌ನಷ್ಟು ಸಣ್ಣ ತಗ್ಗು ಮಾಡಿ. ಇದಕ್ಕೆ `Filter Curve EQ` ಇದೆ. ಮಾತಿನ ಸ್ಪಷ್ಟತೆಗೆ ಬೇಕಾದ ವ್ಯಂಜನಗಳು ಹೆಚ್ಚಾಗಿ ಆ ಸುತ್ತಿನಲ್ಲಿರುತ್ತವೆ. ಸಂಗೀತವನ್ನು ಒಟ್ಟಾರೆ ತಗ್ಗಿಸುವುದಕ್ಕಿಂತ ಇಷ್ಟೇ ಜಾಗ ಬಿಡಿಸಿಕೊಟ್ಟರೆ ಮಾತು ಮುಂದಕ್ಕೆ ಬರುತ್ತದೆ, ಸಂಗೀತವೂ ಬಡಕಲಾಗುವುದಿಲ್ಲ.

ಮಾತು ಬಂದಾಗ ಸಂಗೀತ ತಾನಾಗಿ ತಗ್ಗಲು `Auto Duck` ಬಳಸಿ. ಸಂಗೀತದ ಸಾಲು ಮೇಲೆ, ಮಾತಿನ ಸಾಲು ಅದರ ನೇರ ಕೆಳಗೆ ಇರಬೇಕು. ಆಯ್ಕೆ ಮಾಡಬೇಕಾದದ್ದು ಸಂಗೀತವನ್ನು ಮಾತ್ರ. ಅದು ತಾನಾಗಿ ಸೂಚಿಸುವ 12 ಡೆಸಿಬೆಲ್ ತಗ್ಗು ಒಳ್ಳೆಯ ಆರಂಭ. ಬದಲಿಸಬೇಕಾದದ್ದು ಬಿಡುವಿನ ಮಿತಿ. ಸೂಚಿಸಿದ ಒಂದು ಸೆಕೆಂಡು ಅಜ್ಜನಂಥವರಿಗೆ ಸಾಲದು. ಅವರು ಯೋಚಿಸಿ, ಎಲೆಯಡಿಕೆ ಒತ್ತರಿಸಿ ಮಾತಾಡುವವರು. ಪ್ರತಿ ಬಿಡುವಿನಲ್ಲೂ ಸಂಗೀತ ಎದ್ದು, ಮತ್ತೆ ಕುಗ್ಗಿ, ಏದುಸಿರು ಬಿಡತೊಡಗುತ್ತದೆ. ಮಿತಿಯನ್ನು ಎರಡೂವರೆ ಅಥವಾ ಮೂರು ಸೆಕೆಂಡಿಗೆ ಏರಿಸಿದರೆ ಆ ಏರಿಳಿತ ನಿಲ್ಲುತ್ತದೆ.

ಸಂಗೀತ ಎಷ್ಟು ತಗ್ಗಿರಬೇಕು ಎಂಬುದಕ್ಕೆ ಮಾತಿಗಿಂತ 18ರಿಂದ 20 ಡೆಸಿಬೆಲ್ ಕೆಳಗೆ ಎಂದು ಇಟ್ಟುಕೊಳ್ಳಬಹುದು. ಕೊನೆಯ ತೀರ್ಪು ಮೊಬೈಲಿನದು. ಹೆಡ್‌ಫೋನ್ ಇಲ್ಲದೆ, ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ, ಫ್ಯಾನ್ ಓಡುತ್ತಿರುವ ಕೋಣೆಯಲ್ಲಿ, ಈ ವಿಡಿಯೊವನ್ನು ಮೊದಲು ನೋಡಿರದ ಒಬ್ಬರಿಗೆ ಕೇಳಿಸಿ. ಮಾತು ಬಾಯಿಪಾಠವಾಗಿರುವ ನಿಮಗೆ ಕೇಳದ ಪದವೂ ಕೇಳಿಸುತ್ತದೆ, ಅದಕ್ಕೇ ಹೊರಗಿನವರು ಬೇಕು. ಅವರು ಯಾವ ಪದಕ್ಕೆ ಹುಬ್ಬು ಗಂಟಿಕ್ಕುತ್ತಾರೋ ಅಲ್ಲಿ ಸಂಗೀತವನ್ನು ಕೈಯಾರೆ ಇನ್ನಷ್ಟು ಇಳಿಸಿ.

ಚಿತ್ರಕ್ಕೆ ಮರಳಿ ಜೋಡಿಸುವುದು

ದೃಶ್ಯ ಬದಲಿಸದ ವಿಡಿಯೊವಾದರೆ ಚಿತ್ರವನ್ನು ಮತ್ತೆ ಸಂಸ್ಕರಿಸದೆ, ಗುಣಮಟ್ಟ ಕೆಡಿಸದೆ ಹೊಸ ಧ್ವನಿ ಕೂಡಿಸಬಹುದು:

```
ffmpeg -i suranga.mp4 -i hosa.wav -map 0:v -map 1:a -c:v copy -c:a aac -b:a 192k suranga2.mp4
```

ನಾವು ದಂಬೆಯ ದೃಶ್ಯ ಸೇರಿಸಿದ್ದರಿಂದ ಸಂಕಲನದ ತಂತ್ರಾಂಶದಿಂದಲೇ ಹೊರತೆಗೆಯಬೇಕಾಯಿತು. ಹೇಗೆ ಮಾಡಿದರೂ ಆರಂಭ, ನಡು, ಕೊನೆ ಮೂರೂ ಕಡೆ ತುಟಿ ನೋಡಿ. ಆರಂಭದಲ್ಲಿ ಸರಿಯಿದ್ದು ಕೊನೆಯಲ್ಲಿ ತಪ್ಪಿದ್ದರೆ, ಬೇರೆ ಮೊಬೈಲಿನಲ್ಲಿ ಹಿಡಿದ ಧ್ವನಿ ಮೆಲ್ಲಗೆ ಜಾರಿದೆ ಎಂದರ್ಥ. ಆ ತುಣುಕನ್ನು ನಡುವೆ ಕತ್ತರಿಸಿ ಮತ್ತೆ ಹೊಂದಿಸಬೇಕು.

ಹೊಸ ವಿಡಿಯೊವನ್ನು ಮೊದಲು ಖಾಸಗಿಯಾಗಿ ಏರಿಸಿ, ಹಕ್ಕುಸ್ವಾಮ್ಯದ ತಪಾಸಣೆ ಮುಗಿಯುವವರೆಗೆ ಕಾಯಿರಿ. ಬೇರ್ಪಡಿಸಿದ ಭಾಗದಲ್ಲಿ ಹಳೆಯ ಹಾಡು ಗುರುತು ಸಿಗುವಷ್ಟು ಉಳಿದಿದ್ದರೆ ಇಲ್ಲಿ ಸೆಕೆಂಡು ಸಮೇತ ತೋರಿಸಬಹುದು. ಹಾಗೆ ಬಂದರೆ ಆ ಬಿಡುವಿಗೆ ಹೋಗಿ ಚೂರನ್ನು ತೆಗೆದು ಸ್ಥಳದ ಸದ್ದು ತುಂಬಿ. ಏನೂ ಬರದಿದ್ದರೆ ವಿವರಣೆಯಲ್ಲಿ ಹೀಗೆ ಬರೆಯಿರಿ: ಸಂಗೀತದ ಹೆಸರು, ರಚಿಸಿದವರ ಹೆಸರು, ಅದು ಸಿಕ್ಕ ಪುಟದ ಕೊಂಡಿ, ಪರವಾನಗಿಯ ಹೆಸರು ಮತ್ತು ಆವೃತ್ತಿ, ವಿಡಿಯೊಗಾಗಿ ಕತ್ತರಿಸಿ ಮಟ್ಟ ಬದಲಿಸಲಾಗಿದೆ ಎಂಬ ಒಂದು ಸಾಲು. ಹೊಸದನ್ನು ಸಾರ್ವಜನಿಕಗೊಳಿಸಿದ ಮೇಲೆ ಹಳೆಯದನ್ನು ತೆಗೆದುಹಾಕಿ.

ಮಾತು, ಸ್ಥಳದ ಸದ್ದು, ಸಂಗೀತ ಮೂರನ್ನೂ ಬೇರೆ ಬೇರೆ ಕಡತಗಳಾಗಿ, ಒಂದೇ ಉದ್ದಕ್ಕೆ ಹೊರತೆಗೆದು ಎರಡು ಕಡೆ ಇಡಿ. ಹೀಗೆ ಇಟ್ಟದ್ದರಿಂದ ಆ ಗ್ರಂಥಾಲಯದವರು ಮಾಷ್ಟ್ರ ನಿರೂಪಣೆಯ ಜಾಗಕ್ಕೆ ಮಲಯಾಳದ ನಿರೂಪಣೆ ಇಟ್ಟು ಎರಡನೆಯ ವಿಡಿಯೊ ಮಾಡಿದರು. ಅಜ್ಜನ ಕನ್ನಡಕ್ಕೆ ಅಡಿಬರಹ ಹಾಕಿದರು, ಸಂಗೀತವನ್ನು ಮುಟ್ಟಬೇಕಾಗಲೇ ಇಲ್ಲ.